ಎಣ್ಣೆ ಸಿಡಿಯುವ ಅಡುಗೆಮನೆಗೆ ಕಲ್ಲು ಯಾವುದು, ಟೈಲ್ಸ್ ಯಾವುದು?

ಕೊಡಗಿನ ಅಡುಗೆಮನೆಯಲ್ಲಿ ಕಟ್ಟೆಗೂ ಗೋಡೆಗೂ ಮೂರು ಕಾಟ. ಪಂದಿಕರಿ ಹುರಿಯುವಾಗ ಸಿಡಿಯುವ ಕೊಬ್ಬು, ಕೈತಪ್ಪಿ ಚೆಲ್ಲುವ ಕಾಚಂಪುಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯಿಂದ ಬಿಡದ ತೇವ. ಅಂಗಡಿಯಲ್ಲಿ ಬಣ್ಣ, ಡಿಸೈನ್ ನೋಡುವ ಮೊದಲು ಈ ಮೂರನ್ನೂ ತಡೆಯುವ ಸಾಮಾನು ಯಾವುದೆಂದು ನೋಡಿಕೊಳ್ಳಬೇಕು.

ಮೊದಲು ಕಟ್ಟೆಯ ಕಲ್ಲು

ಬಿಳಿ ಮಾರ್ಬಲ್ ನೋಡಲು ಚಂದ, ಆದರೆ ಕಾಚಂಪುಳಿ ಇರುವ ಮನೆಗೆ ಬೇಡ. ಮಾರ್ಬಲ್‌ನಲ್ಲಿರುವುದು ಸುಣ್ಣದ ಅಂಶ. ಹುಳಿ ಬಿದ್ದ ಕಡೆ ಅದು ಕರಗಿ ಹೊಳಪು ಹೋಗುತ್ತದೆ. ಅದು ಕಲೆಯಲ್ಲ, ಕಲ್ಲೇ ಸವೆದದ್ದು. ಮತ್ತೆ ಪಾಲಿಶ್ ಮಾಡಿಸದೆ ಸರಿಹೋಗದು. ಕ್ವಾರ್ಟ್ಜ್ ಹುಳಿಗೂ ಎಣ್ಣೆಗೂ ಜಗ್ಗುವುದಿಲ್ಲ. ಅದರ ತೊಂದರೆ ಬಿಸಿ. ಕಲ್ಲಿನ ಪುಡಿಯನ್ನು ಹಿಡಿದಿಟ್ಟಿರುವುದು ರಾಳ. ಒಲೆಯಿಂದ ಇಳಿಸಿದ ಬಾಣಲೆಯನ್ನು ನೇರ ಇಟ್ಟರೆ ಹಳದಿ ಗುರುತು ಬೀಳುತ್ತದೆ, ಕೆಲವೊಮ್ಮೆ ಬಿರುಕೂ ಬಿಡುತ್ತದೆ. ದಿನವೂ ದೊಡ್ಡ ಪಾತ್ರೆ ಇಳಿಸಿ ಇಡುವ ಮನೆಗೆ 18ರಿಂದ 20 ಮಿ.ಮೀ. ದಪ್ಪದ ಕಪ್ಪು ಗ್ರಾನೈಟ್ ಸಾಕು, ಅದೇ ಸರಿ.

ಗ್ರಾನೈಟ್‌ನಲ್ಲೂ ಎಲ್ಲವೂ ಒಂದೇ ಅಲ್ಲ. ಅಂಗಡಿಯವರಿಂದ ಅಂಗೈಯಗಲದ ತುಂಡು ಕೇಳಿ ಮನೆಗೆ ತನ್ನಿ. ನೇಲ್ ಪಾಲಿಶ್ ತೆಗೆಯುವ ಅಸಿಟೋನನ್ನು ಬಿಳಿ ಬಟ್ಟೆಗೆ ಹಾಕಿ ಉಜ್ಜಿ. ಬಟ್ಟೆಗೆ ಕಪ್ಪು ಹತ್ತಿದರೆ ಅದು ಬಣ್ಣ ಹಾಕಿದ ಕಲ್ಲು, ಕೊಳ್ಳಬೇಡಿ. ಆಮೇಲೆ ಒಂದು ಕಡೆ ಕಾಚಂಪುಳಿ, ಇನ್ನೊಂದು ಕಡೆ ಅರಿಸಿನ ಬೆರೆಸಿದ ಎಣ್ಣೆ ಒಂದೊಂದು ಹನಿ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಸೋಪು ನೀರಿನಲ್ಲಿ ತೊಳೆದು ಒಣಗಿಸಿ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಹುಳಿಯ ಜಾಗ ಮಂಕಾಗಿದ್ದರೆ ಅಥವಾ ಎಣ್ಣೆಯ ಜಾಗ ಗಾಢವಾಗಿ ಉಳಿದಿದ್ದರೆ ಬೇರೆ ಕಲ್ಲು ಹುಡುಕಿ. ತಿಳಿ ಬಣ್ಣದ ಗ್ರಾನೈಟ್‌ನಲ್ಲಿ ಎಣ್ಣೆ ಇಳಿಯುವುದು ಹೆಚ್ಚು.

ಗೋಡೆಗೆ ನುಣುಪು, ದೊಡ್ಡ ಟೈಲ್ಸ್

ಗೋಡೆಯಲ್ಲಿ ಜಿಡ್ಡು ಕೂರುವುದು ಟೈಲ್ಸ್‌ ಮೇಲಲ್ಲ, ಎರಡು ಟೈಲ್ಸ್‌ ನಡುವಿನ ಸಂದಿಯಲ್ಲಿ. ಹಾಗಾಗಿ ಸಂದಿ ಕಡಿಮೆಯಾದಷ್ಟೂ ಒಳ್ಳೆಯದು. ಸಣ್ಣ ಚೌಕಗಳ ಮೊಸಾಯಿಕ್, ಉಬ್ಬುತಗ್ಗಿನ ಡಿಸೈನ್, ಒರಟು ಮ್ಯಾಟ್ ಇವೆಲ್ಲ ಊಟದ ಕೋಣೆಯ ಗೋಡೆಗೆ ಇರಲಿ. ಒಲೆಯ ಹಿಂದೆ 300×600 ಮಿ.ಮೀ. ಅಳತೆಯ ನುಣುಪಾದ ಗ್ಲಾಸಿ ಟೈಲ್ಸ್ ಹಾಕಿಸಿ.

ಉದಾಹರಣೆಗೆ, 10 ಅಡಿ ಉದ್ದದ ಕಟ್ಟೆ ಎನ್ನಿ. ಕಟ್ಟೆಯಿಂದ 2 ಅಡಿ ಎತ್ತರಕ್ಕೆ 20 ಚದರ ಅಡಿ. ಎಣ್ಣೆ ಇನ್ನೂ ಮೇಲೆ ಸಿಡಿಯುವುದರಿಂದ ಒಲೆಯ ಹಿಂದೆ 3 ಅಡಿ ಅಗಲಕ್ಕೆ ಇನ್ನೂ 2 ಅಡಿ ಏರಿಸಿದರೆ 6 ಚದರ ಅಡಿ. ಒಟ್ಟು 26. ಒಂದು ಟೈಲ್ಸ್‌ ಹೆಚ್ಚುಕಡಿಮೆ 2 ಚದರ ಅಡಿ, ಅಂದರೆ 13. ಕತ್ತರಿಸುವಾಗ ಒಡೆಯುವುದಕ್ಕೆ ಸೇರಿಸಿ 15. ಬಾಕ್ಸ್ ಲೆಕ್ಕದಲ್ಲಿ ಉಳಿದದ್ದನ್ನು ಬಿಸಾಡಬೇಡಿ, ಮುಂದೆ ಅದೇ ಬಣ್ಣ ಸಿಗುವುದಿಲ್ಲ.

ಸಂದಿ ತುಂಬುವುದರಲ್ಲಿ ಜಿಪುಣತನ ಬೇಡ

ಮೇಸ್ತ್ರಿಗೆ ಬಿಟ್ಟರೆ ವೈಟ್ ಸಿಮೆಂಟ್ ಬಳಿದು ಮುಗಿಸುತ್ತಾರೆ. ಅದು ಎಣ್ಣೆ ಹೀರಿ ಹಳದಿಯಾಗುತ್ತದೆ, ಮಳೆಗಾಲದಲ್ಲಿ ಬೂಸ್ಟು ಹಿಡಿದು ಕಪ್ಪಾಗುತ್ತದೆ. ಎಪಾಕ್ಸಿ ಗ್ರೌಟ್ ಎಣ್ಣೆ ಹೀರುವುದಿಲ್ಲ. 2 ಮಿ.ಮೀ. ಸ್ಪೇಸರ್ ಇಟ್ಟು ಕೂರಿಸಿದರೆ ಮೇಲಿನ ಲೆಕ್ಕದ ಗೋಡೆಗೆ ಒಂದು ಕಿಲೋ ಪ್ಯಾಕ್ ಧಾರಾಳ.

ಟೈಲ್ಸ್‌ ಹಿಂದೆ ನಾಲ್ಕು ಮೂಲೆಗೆ ಮುದ್ದೆ ಇಟ್ಟು ಒತ್ತುವ ಪದ್ಧತಿಗೆ ಒಪ್ಪಬೇಡಿ. ಹಲ್ಲುಕರಣೆಯಿಂದ ಅಂಟು ಪೂರ್ತಿ ಬಳಿಸಿ. ಒಣಗಿದ ಮೇಲೆ ನಾಣ್ಯದಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದದ್ದನ್ನು ತೆಗೆಸಿ ಹಾಕಿಸಿ. ಗ್ರೌಟ್ ತುಂಬಲು ಬೇಸಿಗೆಯಲ್ಲಿ ಒಂದು ದಿನ ಕಾದರೆ ಸಾಕು, ಮಡಿಕೇರಿಯ ಮಳೆಯಲ್ಲಿ ಎರಡು ಮೂರು ದಿನ ಬಿಡಿ. ಸಂದಿಯಲ್ಲಿ ತೇವ ಇದ್ದರೆ ಎಪಾಕ್ಸಿ ಹಿಡಿಯದು. ಎಪಾಕ್ಸಿ ಪ್ಯಾಕ್‌ನಲ್ಲಿರುವ ಎಲ್ಲ ಭಾಗಗಳನ್ನೂ ಅದರಲ್ಲಿ ಹೇಳಿದ ಪ್ರಮಾಣದಲ್ಲೇ, ಸ್ವಲ್ಪಸ್ವಲ್ಪವಾಗಿ ಕಲಸಬೇಕು. ಟೈಲ್ಸ್‌ ಮೇಲೆ ಮೆತ್ತಿದ್ದನ್ನು ಗಟ್ಟಿಯಾಗುವ ಮೊದಲೇ ಒದ್ದೆ ಸ್ಪಾಂಜಿನಿಂದ ಒರೆಸದಿದ್ದರೆ ಮಂಜುಮಂಜಾದ ಪೊರೆ ಉಳಿದುಬಿಡುತ್ತದೆ. ಮಧ್ಯಾಹ್ನದ ಊಟಕ್ಕೆ ಹೋಗುವ ಮೊದಲು ಮೇಸ್ತ್ರಿಯಿಂದ ಅದನ್ನು ಒರೆಸಿಸಿಕೊಳ್ಳಿ.

ಕಲ್ಲು ಮತ್ತು ಗೋಡೆ ಸೇರುವ ಮೂಲೆಗೆ ಮಾತ್ರ ಗ್ರೌಟ್ ಬೇಡ. ಕಟ್ಟೆ ಸ್ವಲ್ಪ ಕದಲಿದರೂ ಅಲ್ಲಿ ಬಿರುಕು ಬಿಟ್ಟು ನೀರು ಕೆಳಗಿನ ಕಪಾಟಿಗೆ ಇಳಿಯುತ್ತದೆ. ಆ ಮೂಲೆಗೆ ಬೂಸ್ಟು ಹಿಡಿಯದ ಸಿಲಿಕೋನ್ ಎಳೆಸಿ, 24 ಗಂಟೆ ನೀರು ತಾಗದಂತೆ ನೋಡಿಕೊಳ್ಳಿ.