ಹನ್ನೆರಡೂವರೆ ಎರಡೂವರೆಯಾದ ದಿನ

ಮಗಳ ತರಗತಿಯ ಪೋಷಕರಿಗೆ ತುರ್ತು ಸುದ್ದಿ ಮುಟ್ಟಿಸುವ ಕರೆ ಸರಪಳಿಯನ್ನು ನಾನು ಎರಡು ಸಲ ಕಟ್ಟಿದ್ದೇನೆ. ಮೊದಲನೆಯದು ವೇಗವಾಗಿಯೇ ಓಡಿತು, ಆದರೆ ತಪ್ಪು ಸುದ್ದಿಯನ್ನು ಹೊತ್ತುಕೊಂಡು. ಅಂದು ಶಾಲೆ ಹನ್ನೆರಡೂವರೆಗೆ ಬಿಡುವುದಿತ್ತು. ನಾನು ಹೇಳಿದ್ದು ಹಾಗೆಯೇ. ಒಂದು ಕವಲಿನಲ್ಲಿ ಯಾರಿಗೋ ಮೊದಲ ಅಕ್ಷರಗಳು ಸರಿಯಾಗಿ ಕೇಳಿಸದೆ ಅದು 'ಎರಡೂವರೆ' ಆಯಿತು. ಆ ಕವಲಿನ ಮಕ್ಕಳು ಎರಡು ಗಂಟೆ ಗೇಟಿನ ಬಳಿ ಕಾದರು. ಸುದ್ದಿ ಎಲ್ಲರಿಗೂ ತಲುಪಿದೆ ಎಂದು ನಾನು ನೆಮ್ಮದಿಯಿಂದಿದ್ದೆ. ನನಗೆ ಇಂದಿಗೂ ನೋವು ಕೊಡುವುದು ಅದೇ.

ನಮ್ಮವು 36 ಮನೆಗಳು. ನಾನು ಮೂವರಿಗೆ ಕರೆ ಮಾಡುತ್ತೇನೆ, ಆ ಮೂವರು ತಲಾ ಮೂವರಿಗೆ. ಅಲ್ಲಿಗೆ ನಾನೂ ಸೇರಿ 13 ಮನೆ. ಉಳಿದ 23 ಮನೆಗಳನ್ನು ಆ ಒಂಬತ್ತು ಜನ ಎರಡು, ಮೂರರಂತೆ ಹಂಚಿಕೊಳ್ಳುತ್ತಾರೆ. ಈ ಲೆಕ್ಕ ಮೊದಲೂ ಹೀಗೆಯೇ ಇತ್ತು, ತೊಂದರೆ ಅದರಲ್ಲಿರಲಿಲ್ಲ. ಎರಡನೆಯ ಸಲ ನಾನು ಬದಲಿಸಿದ್ದು ಮಾತನಾಡುವ ಬಗೆಯನ್ನು.

ಈಗ ನಾನು ಮೊದಲು ಸುದ್ದಿಯನ್ನು ಕಾಗದದ ಮೇಲೆ ಎರಡು ವಾಕ್ಯದಲ್ಲಿ ಬರೆದು, ಅದನ್ನೇ ಓದುತ್ತೇನೆ. ಸಮಯವನ್ನು 'ಹನ್ನೆರಡು ಗಂಟೆ ಮೂವತ್ತು ನಿಮಿಷ, ಮಧ್ಯಾಹ್ನದ ಊಟಕ್ಕೆ ಮೊದಲು' ಎಂದು ಎರಡು ಬಗೆಯಲ್ಲಿ ಹೇಳುತ್ತೇನೆ. ಒಂದು ತಪ್ಪಿ ಕೇಳಿದರೂ ಇನ್ನೊಂದು ಅದನ್ನು ಹಿಡಿದು ನಿಲ್ಲಿಸುತ್ತದೆ. ಕೇಳಿದವರು ಬರೆದುಕೊಂಡು ನನಗೆ ಓದಿ ಹೇಳಬೇಕು. 'ಸರಿ, ಗೊತ್ತಾಯಿತು' ಎಂದರೆ ಸಾಲದು. ಹಿರಿಯರಿಗೆ ಹೀಗೆ ಓದಿಸುವುದು ಮೊದಮೊದಲು ಮುಜುಗರವಾಗುತ್ತಿತ್ತು. 'ದಯವಿಟ್ಟು ಒಮ್ಮೆ ಓದಿ, ನಾನು ತಪ್ಪು ಹೇಳಿರಬಹುದು' ಎಂದು ಕೇಳಲು ಆರಂಭಿಸಿದ ಮೇಲೆ ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಒಂದು ವೇಳೆ ಸುದ್ದಿ ಬದಲಾದರೆ 'ಎರಡನೆಯ ಸುದ್ದಿ, ಮೊದಲನೆಯದು ರದ್ದು' ಎಂದೇ ಶುರುಮಾಡುತ್ತೇವೆ.

ಕರೆ ಸ್ವೀಕರಿಸದವರ ಸಮಸ್ಯೆ ಬೇರೆ. ಎರಡು ಸಲ ಪ್ರಯತ್ನಿಸಿ, ಸಂದೇಶ ಕಳುಹಿಸಿ, ಅವರ ಕೆಳಗಿನ ಮನೆಗಳಿಗೆ ಕರೆ ಮಾಡುವ ಹೊಣೆಯನ್ನು ನಾವೇ ಹೊರಬೇಕು. ಅದಕ್ಕಾಗಿ ಪ್ರತಿಯೊಬ್ಬರ ಬಳಿ ತಮ್ಮ ಮೂವರ ಸಂಖ್ಯೆಯ ಜೊತೆಗೆ ಆ ಮೂವರ ಕೆಳಗಿನವರ ಸಂಖ್ಯೆಗಳೂ ಇರುತ್ತವೆ, ಅದಕ್ಕಿಂತ ಹೆಚ್ಚಿಲ್ಲ. ಹಗಲಿನಲ್ಲಿ ಫೋನ್ ಮುಟ್ಟಲಾಗದ ಕೆಲಸದಲ್ಲಿರುವವರನ್ನು ಕೊನೆಯ ಸಾಲಿನಲ್ಲಿಟ್ಟು, ಮನೆಯ ಇನ್ನೊಬ್ಬರ ಸಂಖ್ಯೆಯನ್ನೂ ಬರೆದುಕೊಂಡಿದ್ದೇನೆ.

ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಮರಳಿ ಬರುವ ಕರೆ. ಒಂಬತ್ತು ಕವಲುಗಳ ಕೊನೆಯ ಮನೆಯವರು ತಾವು ಬರೆದುಕೊಂಡದ್ದನ್ನು ನನಗೆ ಓದಿ ಹೇಳುತ್ತಾರೆ, ನಾನು ಪಟ್ಟಿಯಲ್ಲಿ ಗುರುತು ಹಾಕುತ್ತೇನೆ. ಕಳೆದ ಅಭ್ಯಾಸದಲ್ಲಿ ಐದನೆಯ ಕರೆಯ ತಾಯಿ 'ಹಿಂದಿನ ಗೇಟು' ಎಂದು ಓದಿದರು. ನನ್ನ ಕಾಗದದಲ್ಲಿ ಇದ್ದದ್ದು ಮುಂದಿನ ಗೇಟು. ಯಾವ ಕವಲು ಎಂಬುದು ಪಟ್ಟಿಯಲ್ಲಿಯೇ ಇತ್ತು. ಆ ಕವಲಿನ ನಾಲ್ಕು ಮನೆಗಳಿಗೆ ಮಾತ್ರ ಮತ್ತೆ ಕರೆ ಮಾಡಿ ತಿದ್ದಿದೆವು.