ಓಡಿಯೋ, ಕಂತಿನ ಸಾಲವೋ: ನಾನು ಲೆಕ್ಕ ಹಾಕಿದ ರೀತಿ

ನನ್ನದು ಉದ್ರಿ ಮೇಲೆ ನಡೆಯುವ ಸಣ್ಣ ಸಗಟು ವ್ಯಾಪಾರ. ಒಂದು ವಾರ ಏನೂ ಬರುವುದಿಲ್ಲ, ಮುಂದಿನ ವಾರ ಎರಡು ಮೂರು ಪಾರ್ಟಿಗಳ ಹಣ ಒಟ್ಟಿಗೆ ಬರುತ್ತದೆ. ಬ್ಯಾಂಕಿನಲ್ಲಿ ಎರಡು ದಾರಿ ಇದ್ದವು. 5 ಲಕ್ಷದ ವರ್ಕಿಂಗ್ ಕ್ಯಾಪಿಟಲ್ ಸಾಲ, ಬಡ್ಡಿ ಶೇ. 10, ತೀರಿಸಲು 12 ಕಂತು. ಇಲ್ಲವೇ ಅಷ್ಟೇ ಲಿಮಿಟ್‌ನ ಓವರ್‌ಡ್ರಾಫ್ಟ್, ಅಂದರೆ ಬೇಕಾದಾಗ ಎತ್ತಿ ಹಣ ಬಂದಾಗ ಕಟ್ಟುವ ಓಡಿ, ಬಡ್ಡಿ ಶೇ. 12. ಬಡ್ಡಿ ದರ ನೋಡಿದರೆ ಸಾಲವೇ ಅಗ್ಗ, ಅಲ್ವಾ? ಆದರೆ ಓಡಿಯಲ್ಲಿ ಬಡ್ಡಿ ಬೀಳುವುದು ಆಯಾ ದಿನದ ಬಾಕಿಗೆ ಮಾತ್ರ. ಹಾಗಾಗಿ ನನ್ನ ಖಾತೆಯ ಒಂದು ತಿಂಗಳನ್ನೇ ಹಿಡಿದು ಲೆಕ್ಕ ಹಾಕಿದೆ.

ಮೊದಲ 10 ದಿನ 5 ಲಕ್ಷವೂ ಬೇಕು. ಆಮೇಲೆ 4 ಲಕ್ಷ ವಸೂಲಿ, ಬಾಕಿ 1 ಲಕ್ಷಕ್ಕೆ ಇಳಿಯುತ್ತದೆ. ಕೊನೆಯ 10 ದಿನ ಮತ್ತೆ ಮಾಲು ಎತ್ತಿದ್ದಕ್ಕೆ ಬಾಕಿ 3 ಲಕ್ಷ. ಸರಾಸರಿ 3 ಲಕ್ಷ. ಶೇ. 12ರಂತೆ 30 ದಿನಕ್ಕೆ ಬಡ್ಡಿ ಸುಮಾರು 2,960. ಸಾಲದಲ್ಲಾದರೆ ಮೊದಲ ತಿಂಗಳ ಬಡ್ಡಿಯೇ ಸುಮಾರು 4,110. ವಸೂಲಿಯಾದ 4 ಲಕ್ಷ ಕರೆಂಟ್ ಅಕೌಂಟಿನಲ್ಲಿ ಸುಮ್ನೆ ಕೂತಿರುತ್ತದೆ, ಬಡ್ಡಿ ಮಾತ್ರ ಓಡುತ್ತಲೇ ಇರುತ್ತದೆ.

ಕಂತು ಕಟ್ಟುತ್ತಾ ಹೋದಂತೆ ಸಾಲದ ಬಡ್ಡಿ ಇಳಿಯುತ್ತದೆ, ನಿಜ. ಆದರೆ ಅಸಲೂ ಕೈಬಿಟ್ಟು ಹೋಗುತ್ತದೆ. ಏಳನೇ ತಿಂಗಳಿಗೆ ಅರ್ಧದಷ್ಟು ಹಣವೂ ಉಳಿದಿರುವುದಿಲ್ಲ, ಮಾಲಿಗೆ ಬೇಕಾದ ಹಣವೇನೂ ಕಡಿಮೆಯಾಗಿರುವುದಿಲ್ಲ. ಸುಮಾರು 44,000ದ ಕಂತು ವಸೂಲಿ ಇಲ್ಲದ ವಾರದಲ್ಲೇ ಬಂದರೆ ಕಷ್ಟ. ಓಡಿಯಲ್ಲಿ ತಿಂಗಳಿಗೆ ಬಡ್ಡಿ ಕಟ್ಟಿ, ಲಿಮಿಟ್ ಒಳಗಿದ್ದರೆ ಸಾಕು.

ಹಾಗಂತ ಎಲ್ಲವನ್ನೂ ಓಡಿಗೆ ಹಾಕಲಿಲ್ಲ. ಆರು ತಿಂಗಳ ಸ್ಟೇಟ್‌ಮೆಂಟ್ ತೆಗೆದು, ಪ್ರತಿ ತಿಂಗಳ ಅತಿ ಕಡಿಮೆ ಬಾಕಿ ಯಾವುದು ಅಂತ ಗುರುತು ಹಾಕಿದೆ. 1 ಲಕ್ಷಕ್ಕಿಂತ ಕೆಳಗೆ ಅದು ಒಮ್ಮೆಯೂ ಇಳಿದಿರಲಿಲ್ಲ. ಆ 1 ಲಕ್ಷ ನಿಧಾನವಾಗಿ ಹೋಗುವ ಸ್ಟಾಕಿನಲ್ಲಿ, ಹಳೆ ಉದ್ರಿಯಲ್ಲಿ ಸಿಕ್ಕಿಕೊಂಡಿತ್ತು. ಎಂದೂ ಇಳಿಯದ ಬಾಕಿಗೆ ಶೇ. 12 ಕಟ್ಟುವುದು ದಂಡ. ಅಷ್ಟನ್ನು ಕಂತಿನ ಸಾಲಕ್ಕೆ ಬದಲಿಸಿ, ಓಡಿ ಲಿಮಿಟ್ 4 ಲಕ್ಷಕ್ಕೆ ಇಳಿಸಿಕೊಂಡೆ. ಈಗ ಕಂತೂ ಚಿಕ್ಕದು. ವಸೂಲಿ ಬರದ ವಾರದಲ್ಲೂ ಕಟ್ಟಬಹುದು.

ನಿಮ್ಮ ತಿಂಗಳ ಕನಿಷ್ಠ ಬಾಕಿ ಏರುತ್ತಲೇ ಹೋಗುತ್ತಿದ್ದರೆ ಲಿಮಿಟ್ ಜಾಸ್ತಿ ಕೇಳುವ ಮೊದಲು ಉದ್ರಿ ಪುಸ್ತಕ ನೋಡಿ. ಯಾವುದೋ ಪಾರ್ಟಿಯ ಹಣ ಬರದೆ ನಿಂತಿರುತ್ತದೆ.

ಒಪ್ಪಂದದಲ್ಲಿ ಎರಡು ಸಾಲು ಹುಡುಕಿ ಓದಿ. ಬಳಸದ ಲಿಮಿಟ್‌ಗೆ ಶುಲ್ಕ ಇದೆಯೇ? ಪ್ರತಿ ವರ್ಷ ನವೀಕರಣಕ್ಕೆ ಎಷ್ಟು? ಇವೆರಡನ್ನೂ ಓಡಿಯ ಬಡ್ಡಿಗೆ ಸೇರಿಸಿಯೇ ಹೋಲಿಸಬೇಕು. ನವೀಕರಣದ ಹೊತ್ತಿಗೆ ಬ್ಯಾಂಕ್ ಲಿಮಿಟ್ ಕಡಿತ ಮಾಡಲೂಬಹುದು. ಅದಕ್ಕೇ ಆ ತಿಂಗಳು ನಾನು ದೊಡ್ಡ ಖರೀದಿ ಇಟ್ಟುಕೊಳ್ಳುವುದಿಲ್ಲ.