53.5 ಅಂತ ನಾನೇ ಮೊದ್ಲು ಹೇಳ್ತಿದ್ದೆ

ಕಮ್ಮಿ ಮಾರ್ಕ್ಸ್ ಇಟ್ಕೊಂಡು ಕೆಲ್ಸ ಹುಡುಕಿದ ಕಥೆ ಇದು. ನಂದು ದಾವಣಗೆರೆ, ಇಲ್ಲೇ ಸಿಎಸ್ ಬ್ರಾಂಚಲ್ಲಿ ಬಿಇ, ವಿಟಿಯು 2018ರ ಸ್ಕೀಮು. ಎಂ3, ಎಡಿಇ, ಡೇಟಾಬೇಸ್ ಕಲಿಸೋ ಡಿಬಿಎಂಎಸ್, ಎಟಿಸಿ ಅಂತ ನಾಲ್ಕು ಸಬ್ಜೆಕ್ಟ್ ಫೇಲಾಗಿ ಬ್ಯಾಕ್ ಉಳಿದಿದ್ವು, ಆಮೇಲೆ ಒಂದೊಂದೇ ಕ್ಲಿಯರ್ ಆದ್ವು. ಕೊನೆಗೆ ಸಿಜಿಪಿಎ 6.1. ನಮ್ಮ ಸ್ಕೀಮಲ್ಲಿ ಪರ್ಸೆಂಟೇಜ್ ಬೇಕಂದ್ರೆ ಸಿಜಿಪಿಎಯಿಂದ 0.75 ಕಳೆದು 10ರಿಂದ ಗುಣಿಸ್ಬೇಕು, ಅಂದ್ರೆ 53.5. ಸುಮಾರು ಜನ ನೇರ 10ರಿಂದ ಗುಣಿಸಿ 61 ಅಂತ ಹಾಕಿ ಕಂಪ್ನಿಗಳ 60ರ ಕಟಾಫ್ ದಾಟ್ತಾರೆ. ನಾನೂ ಒಂದ್ಸಲ ಹಾಗೇ ಹಾಕಿದ್ದೆ, ಗೊತ್ತಿಲ್ದೆ ಏನಲ್ಲ, ಗೊತ್ತಿದ್ದೇ. ಟೆಸ್ಟ್ ಪಾಸಾಗಿ ಎಚ್ಆರ್ ರೌಂಡಿಗೆ ಹೋದಾಗ ಗ್ರೇಡ್ ಕಾರ್ಡ್ ಮುಂದಿಟ್ಕೊಂಡು ಅವ್ರೇ ಲೆಕ್ಕ ಹಾಕಿದ್ರು, ಮುಗೀತು. ಮಾರ್ಕ್ಸ್ ಕಮ್ಮಿ ಅಂತ ಕಳಿಸಿದ್ರೆ ಅಷ್ಟು ಬೇಜಾರಾಗ್ತಿರ್ಲಿಲ್ಲ, ಸುಳ್ಳು ಬರ್ದಿದೀಯ ಅಂದ್ರು.

ಆಮೇಲೆ ರೆಸ್ಯೂಮೆ ತಿರುಗಿಸಿ ಹಾಕಿದೆ. ಮೇಲೆ ಪ್ರಾಜೆಕ್ಟು, ಅದರ ಕೆಳಗೆ ನಂಗೆ ಗೊತ್ತಿರೋ ಕೆಲಸ, ಕೊನೇಲಿ ಓದು. ಆದ್ರೆ ಓದಿನ ಸಾಲನ್ನ ಬಿಡ್ಲಿಲ್ಲ, ‘ಬಿಇ, 2022, ಸಿಜಿಪಿಎ 6.1, ಈಗ ಬ್ಯಾಕ್‌ಲಾಗ್ ಇಲ್ಲ’ ಅಂತ ಒಂದೇ ಲೈನು. ಸಿಜಿಪಿಎ ಬಿಟ್ಟುಬಿಟ್ರೆ ಏನೋ ಮುಚ್ಚಿಡ್ತಿದಾನೆ ಅನ್ಸುತ್ತೆ, ಇಂಟರ್ವ್ಯೂ ಅಲ್ಲಿಂದಾನೇ ಶುರುವಾಗುತ್ತೆ. ಫಾರಂ ತುಂಬುವಾಗ ಪ್ರಶ್ನೆ ಸರಿಯಾಗಿ ಓದ್ಬೇಕು. ಆಕ್ಟಿವ್ ಬ್ಯಾಕ್‌ಲಾಗ್ ಎಷ್ಟು ಅಂದ್ರೆ ಸೊನ್ನೆ, ಇದುವರೆಗೆ ಆದ ಬ್ಯಾಕ್‌ಲಾಗ್ ಎಷ್ಟು ಅಂದ್ರೆ ನಾಲ್ಕು, ಎರಡೂ ಬೇರೆ ಬೇರೆ. ಇಷ್ಟೆಲ್ಲಾ ಮಾಡಿದ್ರೂ 60 ಅಂತ ಕಟ್ಟುನಿಟ್ಟಾಗಿ ಇಟ್ಟಿರೋ ಕಡೆ ಏನೂ ನಡಿಯಲ್ಲ, ಫಾರಮ್ಮೇ ಒಳಗೆ ಬಿಡಲ್ಲ. ಅಂಥವನ್ನ ಬಿಟ್ಟು ಚಿಕ್ಕ ಕಂಪ್ನಿಗಳಿಗೆ ಹಾಕ್ತಾ ಹೋದೆ.

‘ಯಾಕಿಷ್ಟು ಕಮ್ಮಿ’ ಅಂತ ಕೇಳೇ ಕೇಳ್ತಾರೆ. ಮೊದ್ಲೆಲ್ಲಾ ಕಾಲೇಜು, ವ್ಯಾಲ್ಯುಯೇಶನ್, ಜ್ವರ ಅಂತ ಐದು ನಿಮಿಷ ಎಳೀತಿದ್ದೆ, ಎಳೆದಷ್ಟೂ ಅದ್ರಲ್ಲೇ ಇನ್ನೊಂದು ಪ್ರಶ್ನೆ. ಆಮೇಲೆ ಇಷ್ಟೇ ಮಾಡ್ಕೊಂಡೆ: ‘53.5 ಸರ್, ನಾಲ್ಕು ಸಬ್ಜೆಕ್ಟ್ ಹೋಗಿದ್ವು, ಓದಿರ್ಲಿಲ್ಲ, ಈಗ ನಾಲ್ಕೂ ಕ್ಲಿಯರ್. ಡಿಬಿಎಂಎಸ್ ಎರಡನೇ ಸಲ ಓದುವಾಗ ನಮ್ಮಪ್ಪ ಕೆಲ್ಸ ಮಾಡೋ ಮಂಡಿಗೆ ಬಿಲ್ಲಿಂಗ್ ಪ್ರೋಗ್ರಾಂ ಮಾಡಿದೆ, ಟೇಬಲ್ಲು ಕೀ ಎಲ್ಲಾ ಅರ್ಥ ಆಗಿದ್ದು ಆಗ್ಲೇ.’ ಅಲ್ಲಿಗೆ ಬಾಯಿ ಮುಚ್ಕೊಂಡು ಕೂರೋದು. ನಂಗೆ ನಿಜವಾಗ್ಲೂ ಕಷ್ಟ ಆಗಿದ್ದು ಇದೇ, ಸುಮ್ನಿರೋದು. ಸುಮ್ನಿದ್ರೆ ಅವ್ರು ‘ಯಾವ ಮಂಡಿ?’ ಅಂತಾರೆ.

ಆಗ ಹೇಳೋಕೆ ಗಟ್ಟಿ ವಿಷಯ ಇರ್ಬೇಕು. ನಂದು ಹೀಗಿತ್ತು. ಎಪಿಎಂಸೀಲಿ ಮೆಕ್ಕೆಜೋಳದ ಬಿಲ್ಲು, ಸಂಜೆ ಗುಮಾಸ್ತ್ರ ಪುಸ್ತಕಕ್ಕೂ ನನ್ ಪ್ರೋಗ್ರಾಮಿಗೂ ಒಂದು ರೂಪಾಯಿ ಎರಡು ರೂಪಾಯಿ ವ್ಯತ್ಯಾಸ ಬರೋದು, ಒಂದೊಂದು ದಿನ ಬರ್ತಾನೇ ಇರ್ಲಿಲ್ಲ. ‘ತಮ್ಮಾ, ನಿನ್ ಕಂಪ್ಯೂಟ್ರಿಗೆ ಐವತ್ತು ಪೈಸೆ ಲೆಕ್ಕ ಬರಲ್ವೇನೋ’ ಅಂದ್ರು ಗುಮಾಸ್ತ್ರು. ತಮಾಷೆ ಅನ್ಕೊಂಡೆ, ನೋಡಿದ್ರೆ ಅದೇ ಆಗಿತ್ತು:

```python
>>> round(29704.5)
29704
>>> round(29705.5)
29706
```

ಪೈಥಾನ್‌ನ round ಸರಿಯಾಗಿ ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೋಗುತ್ತೆ. ಗುಮಾಸ್ತ್ರು ಐವತ್ತು ಪೈಸೆ ಬಂದ್ರೆ ಯಾವಾಗ್ಲೂ ಮೇಲಕ್ಕೆ. ಹಾಗಾಗಿ 29,704 ರೂಪಾಯಿ 50 ಪೈಸೆ ಬಿಲ್ಲಲ್ಲಿ ವ್ಯತ್ಯಾಸ, 29,705 ರೂಪಾಯಿ 50 ಪೈಸೇಲಿ ಇಲ್ಲ. round ಬಿಟ್ಟು Decimal ತಗೊಂಡು, ಅರ್ಧ ಬಂದ್ರೆ ಮೇಲಕ್ಕೆ ಒಯ್ಯೋ ROUND_HALF_UP ಹಾಕಿದ್ಮೇಲೆ ಸರಿಹೋಯ್ತು.

ಇದನ್ನ ಹೇಳಿದಾಗ ಬೆಂಗಳೂರಿನ ಒಂದು ಚಿಕ್ಕ ಕಂಪ್ನೀಲಿ ಇಂಟರ್ವ್ಯೂ ಮಾಡ್ತಿದ್ದವ್ರು ಪೆನ್ನು ಕೊಟ್ಟು ‘ಟೇಬಲ್ ಬರೀರಿ’ ಅಂದ್ರು. ರೈತ, ಬಿಲ್ಲು, ಬಿಲ್ಲಿನ ಸಾಲು ಅಂತ ಮೂರು ಬರೆದೆ. ಆಮೇಲೆ ‘ಬಿಲ್ಲೇ ಇಲ್ಲದ ರೈತರ ಪಟ್ಟಿ ತೆಗೀರಿ’ ಅಂದ್ರು, ಲೆಫ್ಟ್ ಜಾಯಿನ್ ಮಾಡಿ ಬಿಲ್ ನಂಬರ್ ನಲ್ ಇರೋರನ್ನ ತೆಗೆದೆ. ಡಿಬಿಎಂಎಸ್ ಫೇಲ್ ಆಗಿದ್ದೆ ಅಂತ ನಾನೇ ಹೇಳಿದ್ಮೇಲೆ ಅಲ್ಲೇ ಕೇಳ್ತಾರೆ ಅಂತ ಗೊತ್ತಿತ್ತು, ಜಾಯಿನ್, ಕೀ, ನಾರ್ಮಲೈಸೇಶನ್ ಮೂರೂ ಹಿಂದಿನ ವಾರ ಕೈಯಲ್ಲೇ ಬರೆದು ನೋಡಿದ್ದೆ. ಎಟಿಸಿ ಬಗ್ಗೆ ಕೇಳಿದ್ದಿದ್ರೆ ಅವತ್ತೂ ಫೇಲೇ, ಪುಣ್ಯಕ್ಕೆ ಕೇಳ್ಲಿಲ್ಲ.

ಆಫರ್ ಬಂದ್ಮೇಲೆ ಎಂಟೂ ಸೆಮ್ಮಿನ ಗ್ರೇಡ್ ಕಾರ್ಡ್ ಕೇಳಿದ್ರು. ಎಫ್ ಇರೋವು, ಆಮೇಲೆ ಕ್ಲಿಯರ್ ಆಗಿರೋವು ಎಲ್ಲಾನೂ ಒಂದೇ ಪಿಡಿಎಫ್ ಮಾಡಿ ಕಳಿಸ್ದೆ, ವಾಪಸ್ ಒಂದು ಪ್ರಶ್ನೇನೂ ಬರ್ಲಿಲ್ಲ.